ಎಂಟು ಫೋಟೋ, ಒಂದು ಟಿಕೆಟ್: ವೀಕೆಂಡ್ ಡಂಪ್‌ಗೆ ಕ್ಯಾಪ್ಷನ್ ಬರೆಯೋದು ಹೇಗೆ

ಹೋದ ತಿಂಗಳು ಒಂದು ಶನಿವಾರ ಬೆಂಗಳೂರಿಂದ ಮೈಸೂರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಭಾನುವಾರ ರಾತ್ರಿ ವಾಪಸ್ ಬಂದು ನೋಡಿದರೆ ಫೋನಲ್ಲಿ 143 ಫೋಟೋ. ಅದರಲ್ಲಿ ಒಂದಕ್ಕೊಂದು ಸಂಬಂಧ ಇರೋದು ನಾಲ್ಕೂ ಇಲ್ಲ. ಪಾತ್ರೆ ತುಂಬಿದ ಸಿಂಕು, ಯಾರದೋ ನಾಯಿ, ಚಪ್ಪಲಿ, ಅರ್ಧ ಅರಮನೆ. ಎಂಟು ಫೋಟೋ ಆರಿಸಿ ಇನ್‌ಸ್ಟಾಗ್ರಾಮಲ್ಲಿ ಡಂಪ್ ಅಂತ, ಅಂದರೆ ಒಂದೇ ಪೋಸ್ಟಲ್ಲಿ ಒಟ್ಟಿಗೆ, ಹಾಕೋದು ಕಷ್ಟ ಆಗಲಿಲ್ಲ. ಕೆಳಗೆ ಏನು ಬರೆಯೋದು ಅನ್ನೋದಕ್ಕೆ ಮಾತ್ರ ಒಂದೂವರೆ ಗಂಟೆ ಹಿಡಿಯಿತು.

ಆ ಒಂದೂವರೆ ಗಂಟೆಯಲ್ಲಿ ಏನೇನು ಮಾಡಿದೆ, ಯಾವುದು ಕೆಟ್ಟಿತು, ಯಾವುದು ಕೂತಿತು ಅನ್ನೋದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆ ಪೂರ್ತಿ ನನ್ನದೇ ವೀಕೆಂಡು, ಹಾಗಾಗಿ ಸ್ವಲ್ಪ ಸಹಿಸಿಕೊಳ್ಳಿ.

ಮೊದಲು ಎಳೆ, ಆಮೇಲೆ ಫೋಟೋ

ಎಲ್ಲರೂ ಮಾಡೋದು ಉಲ್ಟಾ. ಚೆನ್ನಾಗಿ ಬಂದಿರೋ ಫೋಟೋಗಳನ್ನು ಆರಿಸಿಬಿಡುತ್ತಾರೆ, ಆಮೇಲೆ ಅವನ್ನೆಲ್ಲ ಒಟ್ಟಿಗೆ ಹಿಡಿದಿಡೋ ಒಂದು ಸಾಲು ಹುಡುಕುತ್ತಾರೆ. ಆಗ ಸಿಗೋದು "ಸುಂದರ ಕ್ಷಣಗಳು" ಅನ್ನೋ ತರದ್ದೇ, ಯಾಕೆಂದರೆ ಎಂಟು ಬೇರೆ ಬೇರೆ ಫೋಟೋಗೆ ಹೊಂದುವ ಮಾತು ಅಂದರೆ ಯಾವ ಫೋಟೋಗೆ ಬೇಕಾದರೂ ಹೊಂದುವ ಮಾತೇ ಆಗಿರುತ್ತದೆ.

ನಾನು ಈಗ ಮಾಡೋದು ಇಷ್ಟು. ಗ್ಯಾಲರಿ ತೆಗೆಯೋಕೆ ಮುಂಚೆ, ಆ ವೀಕೆಂಡ್ ಬಗ್ಗೆ ಮೊದಲು ಯಾರಿಗೆ, ಏನು ಹೇಳಿದೆ ಅಂತ ನೆನಪು ಮಾಡಿಕೊಳ್ಳುತ್ತೇನೆ. ಬಾಗಿಲು ತೆಗೆದ ರೂಮ್‌ಮೇಟ್‌ಗೋ, ಫೋನಲ್ಲಿ ಅಮ್ಮನಿಗೋ. ನಾನಂತೂ ಬ್ಯಾಗ್ ಇಳಿಸೋಕೂ ಮುಂಚೆ ಹೇಳಿದ್ದು ಕೆರೆ ಬಗ್ಗೆ ಅಲ್ಲ, ಅರಮನೆ ಬಗ್ಗೆನೂ ಅಲ್ಲ. "35 ರೂಪಾಯಿ ಹೋಯ್ತು ಮಾರಾಯ."

ನಡೆದದ್ದು ಇಷ್ಟೇ. ಶನಿವಾರ ಬೆಳಿಗ್ಗೆ ಬಸ್ಸಲ್ಲಿ 500ರ ನೋಟು ಕೊಟ್ಟೆ. ಕಂಡಕ್ಟರ್ ಹತ್ರ ಚಿಲ್ಲರೆ ಇರಲಿಲ್ಲ. ಇದ್ದಷ್ಟು ಕೊಟ್ಟು, ಬಾಕಿಯನ್ನು ಟಿಕೆಟ್ ಹಿಂದೆ 35 ಅಂತ ಬರೆದು, ಸುತ್ತು ಹಾಕಿ, "ಇಳಿಯೋವಾಗ ಇಸ್ಕೊಳ್ಳಿ ಸಾರ್" ಅಂದರು. ನಾನು ಮಂಡ್ಯ ದಾಟೋ ಹೊತ್ತಿಗೆ ನಿದ್ದೆ ಹೋದೆ. ಮೈಸೂರಲ್ಲಿ ಇಳಿದು, ಆಟೋ ಹತ್ತಿ, ಜೇಬಿಗೆ ಕೈ ಹಾಕಿದಾಗ ಟಿಕೆಟ್ ಸಿಕ್ಕಿತು. ಬಸ್ಸಲ್ಲಿ ಓಡಾಡಿದವರಿಗೆಲ್ಲ ಇದು ಒಂದು ಸಲವಾದರೂ ಆಗಿರುತ್ತದೆ.

ಈ ಟಿಕೆಟ್ಟೇ ನನ್ನ ಎಳೆ. ಇದನ್ನೇ ಯಾಕೆ ಇಟ್ಟುಕೊಂಡೆ ಅಂದರೆ, ಬೇರೆ ಮೂರು ಎಳೆ ಪ್ರಯತ್ನ ಮಾಡಿ ಬಿಟ್ಟಿದ್ದೆ.

ಮೊದಲನೆಯದು ಮಳೆ. ಎರಡು ದಿನವೂ ಆಗಾಗ ಹನಿ ಬಿದ್ದಿತ್ತು, ಮೂರು ಫೋಟೋದಲ್ಲಿ ನೆಲ ಒದ್ದೆ ಇದೆ. ಆದರೆ ಮಳೆ ನನಗೊಬ್ಬನಿಗೇ ಬಿದ್ದದ್ದಲ್ಲ. ಅವತ್ತು ಅರ್ಧ ಜಿಲ್ಲೆ ಮಳೆ ಫೋಟೋ ಹಾಕಿರುತ್ತದೆ. ಎರಡನೆಯದು ಊಟ. ಇದು ತುಂಬ ದೊಡ್ಡದು, ಊಟ ಅಂದ ಕೂಡಲೇ ಎಲ್ಲ ಫೋಟೋನೂ ಅದರೊಳಗೆ ಬಂದುಬಿಡುತ್ತದೆ, ಆಮೇಲೆ ಅದು ಎಳೆ ಅಲ್ಲ, ಚೀಲ. ಮೂರನೆಯದು ಹಳದಿ ಬಣ್ಣ: ಮಾರ್ಕೆಟ್ಟಿನ ಬಾಳೆಹಣ್ಣು, ಅಕ್ಕನ ಮಗಳ ರೇನ್‌ಕೋಟು, ಆಟೋದ ಟಾಪು. ಬಣ್ಣ ಹಿಡಿದು ಹೋದರೆ ನೋಡೋಕೆ ಚೆಂದ ಇರುತ್ತದೆ, ಸತ್ಯ. ಆದರೆ ಬರೆಯೋಕೆ ಕೂತರೆ ಎರಡನೇ ಸಾಲಿಗೆ ಮಾತು ಮುಗಿಯುತ್ತದೆ. ಹಳದಿ, ಇನ್ನೊಂದು ಹಳದಿ, ಮತ್ತೆ?

ಹಾಗಾಗಿ ಎಳೆ ಆರಿಸೋವಾಗ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅದು ನನಗೊಬ್ಬನಿಗೇ ಆದದ್ದಾ? ಒಂದು ಚಿಕ್ಕ ವಾಕ್ಯದಲ್ಲಿ ಹೇಳಬಹುದಾ? ಮತ್ತೆ ಮುಖ್ಯವಾಗಿ, ಶನಿವಾರಕ್ಕೂ ಭಾನುವಾರಕ್ಕೂ ಮಧ್ಯೆ ಅದರ ಸ್ಥಿತಿ ಬದಲಾಯಿತಾ? ಮಳೆ ಬದಲಾಗಲಿಲ್ಲ, ಹಳದಿ ಬದಲಾಗಲಿಲ್ಲ. ಟಿಕೆಟ್ ಬದಲಾಯಿತು. ಬೆಳಿಗ್ಗೆ ಅದು ಬಾಕಿ ಚೀಟಿ, ಮಧ್ಯಾಹ್ನ ನನ್ನ ಮರೆವಿನ ಸಾಕ್ಷಿ, ಮಾರನೇ ದಿನ ಅಕ್ಕನ ಮಗಳ ಡ್ರಾಯಿಂಗ್ ಹಾಳೆ. ಅವಳಿಗೆ ಆರು ವರ್ಷ. "ಮಾಮ, ಇದು ನಿಂಗೆ ಬೇಕಾ?" ಅಂತ ಒಂದು ಸಲ ಕೇಳಿ, ನಾನು ಉತ್ತರ ಕೊಡೋ ಮುಂಚೆನೇ 3ಕ್ಕೆ ರೆಕ್ಕೆ, 5ಕ್ಕೆ ಬಾಲ ಹಚ್ಚಿ ಎರಡು ಹಕ್ಕಿ ಮಾಡಿಬಿಟ್ಟಿದ್ದಳು.

ನಿಮ್ಮ ಎಳೆ ಒಂದು ವಸ್ತುವೇ ಆಗಬೇಕು ಅಂತಿಲ್ಲ. ಎರಡು ದಿನ ಪೂರ್ತಿ ಯಾರೋ ಕೇಳುತ್ತಲೇ ಇದ್ದ ಒಂದೇ ಪ್ರಶ್ನೆ ಆಗಬಹುದು, ಕಿತ್ತು ಹೋದ ಚಪ್ಪಲಿ ಉಂಗುಷ್ಠ ಆಗಬಹುದು, ಸಿಗದೇ ಹೋದ ಪಾರ್ಕಿಂಗ್ ಆಗಬಹುದು. ಕೈಯಲ್ಲಿ ಹಿಡಿಯೋಕೆ ಸಿಗೋ ವಸ್ತು ಆದರೆ ಫೋಟೋ ತೆಗೆಯೋಕೆ ಸುಲಭ, ಅಷ್ಟೇ. ಟಿಕೆಟ್ ವಿಷಯಕ್ಕೆ ಬಂದರೆ ಒಂದು ಎಚ್ಚರಿಕೆ: ಮೆಷಿನ್ ಟಿಕೆಟ್ ಥರ್ಮಲ್ ಪೇಪರು, ಅದರಲ್ಲಿ ಇಂಕು ಇರೋದಿಲ್ಲ, ಬಿಸಿಗೆ ಕಾಗದವೇ ಕಪ್ಪಾಗಿ ಅಕ್ಷರ ಮೂಡಿರುತ್ತದೆ. ಜೇಬಲ್ಲಿ ಬೆವರು ತಾಗಿ, ಬಿಸಿಲಿಗೆ ಬಿದ್ದು ಅದು ಮಸುಕಾಗುತ್ತದೆ. ಹಿಂದೆ ಪೆನ್ನಲ್ಲಿ ಬರೆದದ್ದು ಉಳಿಯುತ್ತದೆ. ಆವತ್ತೇ ಫೋಟೋ ತೆಗೆದುಕೊಳ್ಳಿ.

ಎಲ್ಲ ಫೋಟೋನೂ ಎಳೆಗೆ ಕಟ್ಟಬೇಡಿ

ಇನ್‌ಸ್ಟಾಗ್ರಾಮ್ ಒಂದು ಪೋಸ್ಟಿಗೆ 20 ಫೋಟೋ ತನಕ ಬಿಡುತ್ತದೆ. 2024ರ ಆಗಸ್ಟಿಗೆ ಮುಂಚೆ 10 ಇತ್ತು. ಜಾಗ ಇದೆ ಅಂತ ತುಂಬೋಕೆ ಹೋಗಬೇಡಿ. ಒಂದು ಸಣ್ಣ ಎಳೆ ಎಂಟು, ಒಂಬತ್ತು ಫೋಟೋ ತನಕ ಭಾರ ತಡೆಯುತ್ತದೆ, ಅದಕ್ಕಿಂತ ಜಾಸ್ತಿ ಆದರೆ ಓದೋರು ಎಳೆ ಮರೆತು ಸುಮ್ನೆ ತಳ್ಳುತ್ತಾ ಹೋಗುತ್ತಾರೆ. ಇದು ನನ್ನ ಅಂದಾಜು, ನಿಯಮ ಏನಲ್ಲ.

ನಾನು ಆರಿಸಿದ ಎಂಟು ಇವು. ಟಿಕೆಟ್ಟಿನ ಹಿಂಬದಿ. ಅಕ್ಕನ ಸಿಂಕು. ದೇವರಾಜ ಮಾರ್ಕೆಟ್ಟಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಎರಡು ಕೈ. ಕುಕ್ಕರಹಳ್ಳಿ ಕೆರೆ ದಾರಿಯಲ್ಲಿ ನಾಯಿ. ಚಾಮುಂಡಿ ಬೆಟ್ಟದ ನಂದಿ ಹತ್ರ ಬಿಟ್ಟ ಚಪ್ಪಲಿ. ದೀಪ ಇಲ್ಲದ ಅರಮನೆ. ಹಕ್ಕಿ ಆದ ಟಿಕೆಟ್. ವಾಪಸ್ ಬಸ್ಸಲ್ಲಿ ಅಂಗೈ ಮೇಲಿನ ಚಿಲ್ಲರೆ.

ಇದರಲ್ಲಿ 35 ರೂಪಾಯಿಗೆ ನೇರ ಸಂಬಂಧ ಇರೋದು ಮೂರಕ್ಕೆ: ಒಂದು, ಏಳು, ಎಂಟು. ಮಾರ್ಕೆಟ್ಟಿಗೆ ಬೇಕಾದರೆ ಸಂಬಂಧ ಹುಟ್ಟಿಸಬಹುದು. ನಾಯಿಗೂ ಚಪ್ಪಲಿಗೂ ಏನೂ ಸಂಬಂಧ ಇಲ್ಲ, ಇರಲೂ ಬಾರದು. ಡಂಪ್ ಅನ್ನೋದರ ಮಜಾನೇ ಆ ಚೆಲ್ಲಾಪಿಲ್ಲಿಯಲ್ಲಿದೆ, ಅದನ್ನೂ ಇಸ್ತ್ರಿ ಮಾಡಿಬಿಟ್ಟರೆ ಪ್ರವಾಸ ಕಂಪನಿಯ ಜಾಹೀರಾತಿನ ತರ ಕಾಣುತ್ತದೆ.

ಹಾಕುವ ಕ್ರಮದ ಬಗ್ಗೆ ಒಂದು ಮಾತು. ಸುಮಾರಾಗಿ ಸಮಯದ ಪ್ರಕಾರವೇ ಹಾಕಿದೆ, ಒಂದು ಕಡೆ ಬಿಟ್ಟು. ಅಕ್ಕನ ಮಗಳು ಹಕ್ಕಿ ಬಿಡಿಸಿದ್ದು ಭಾನುವಾರ ಮಧ್ಯಾಹ್ನ, ಅರಮನೆ ಫೋಟೋ ತೆಗೆದದ್ದು ಸಂಜೆ. ನಾನು ಅರಮನೆಯನ್ನು ಮುಂದೆ ತಂದು ಹಕ್ಕಿಯನ್ನು ಹಿಂದಕ್ಕೆ ತಳ್ಳಿದೆ. ಯಾಕೆಂದರೆ ನಾಯಿ, ಚಪ್ಪಲಿ, ಅರಮನೆ ಅಂತ ಮೂರು ಫೋಟೋ ಒಟ್ಟಿಗೆ ಬಂದರೆ ಓದೋರು ಟಿಕೆಟ್ ವಿಷಯ ಅಷ್ಟರಲ್ಲಿ ಮರೆತಿರುತ್ತಾರೆ, ಆಗ ಅದು ಹಕ್ಕಿ ಆಗಿ ವಾಪಸ್ ಬಂದರೆ ನಗು ಬರುತ್ತದೆ. ಪದೇ ಪದೇ ಕಾಣುತ್ತಲೇ ಇದ್ದರೆ ಬರೋದಿಲ್ಲ.

ಎರಡನೇ ಫೋಟೋನೂ ಸ್ವಲ್ಪ ಯೋಚಿಸಿ ಇಡಿ. ಮೊದಲ ಸಲ ತಳ್ಳದೇ ಮುಂದೆ ಹೋದವರಿಗೆ ಆ್ಯಪ್ ಕೆಲವೊಮ್ಮೆ ಅದೇ ಪೋಸ್ಟನ್ನು ಎರಡನೇ ಫೋಟೋದಿಂದ ಶುರು ಮಾಡಿ ಮತ್ತೆ ತೋರಿಸುತ್ತದೆ. ನಾನು ಅಲ್ಲಿ ಸಿಂಕು ಇಟ್ಟೆ. ಅದು ತಪ್ಪಾಯಿತು, ಆದರೆ ಬೇರೆ ಕಾರಣಕ್ಕೆ. ಕೊನೆಯಲ್ಲಿ ಹೇಳುತ್ತೇನೆ.

ಮೊದಲ ಸಾಲು, ಮತ್ತು ಕನ್ನಡದ ಒಂದು ತೊಂದರೆ

ಕ್ಯಾಪ್ಷನ್‌ಗೆ 2,200 ಅಕ್ಷರ ಜಾಗ ಇದೆ, ಅದು ಯಾರಿಗೂ ಸಾಲದೇ ಬರೋದಿಲ್ಲ. ನಿಜವಾದ ಇಕ್ಕಟ್ಟು ಇರೋದು ಮೊದಲ ಒಂದೆರಡು ಸಾಲಲ್ಲಿ. ಫೀಡಲ್ಲಿ ಅಷ್ಟೇ ಕಾಣೋದು, ಆಮೇಲೆ "more" ಬಂದು ಕತ್ತರಿಸುತ್ತದೆ. ಅದರಲ್ಲೂ ಮೊದಲ ಸಾಲಿನ ಶುರುವನ್ನು ನಿಮ್ಮ ಯೂಸರ್‌ನೇಮೇ ತಿಂದಿರುತ್ತದೆ.

ಇಲ್ಲಿ ಕನ್ನಡಕ್ಕೆ ಒಂದು ವಿಶೇಷ ಫಜೀತಿ ಇದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಉದ್ದ ವಾಕ್ಯ ಬರೆದರೆ ಏನಾಯಿತು ಅನ್ನೋದು "more" ಹಿಂದೆ ಬಿದ್ದುಹೋಗುತ್ತದೆ. ನಾನು ಮೊದಲು ಬರೆದದ್ದು ಹೀಗಿತ್ತು:

"ಶನಿವಾರ ಬೆಳಿಗ್ಗೆ ಸ್ಯಾಟಲೈಟ್ ಬಸ್ ಸ್ಟ್ಯಾಂಡಲ್ಲಿ ಮೈಸೂರು ಬಸ್ ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕಿದ ಖುಷಿಯಲ್ಲಿ, ಕಂಡಕ್ಟರ್ ಕೊಡಬೇಕಾಗಿದ್ದ 35 ರೂಪಾಯಿಯನ್ನು ಇಳಿಯುವಾಗ ಕೇಳಿ ತೆಗೆದುಕೊಳ್ಳುವುದನ್ನೇ ಮರೆತುಬಿಟ್ಟೆ."

ಫೀಡಲ್ಲಿ ಕಂಡದ್ದು "ಕಿಟಕಿ ಪಕ್ಕದ ಸೀಟು" ತನಕ. ಓದಿದವರಿಗೆ ಇದು ಸೀಟಿನ ಕಥೆ ಅನ್ನಿಸುತ್ತದೆ. 35 ರೂಪಾಯಿ ಕಾಣಲೇ ಇಲ್ಲ.

ಸರಿ ಮಾಡೋಕೆ ಎರಡು ದಾರಿ. ಒಂದು, ವಾಕ್ಯವನ್ನು ಮುರಿದು ಕ್ರಿಯಾಪದವನ್ನು ಬೇಗ ತರುವುದು. ಮಾತಾಡುವಾಗ ನಾವು ಹಾಗೇ ಮಾಡುತ್ತೇವೆ, "ನೆನಪಾಯ್ತು, ಕಂಡಕ್ಟರ್ 35 ರೂಪಾಯಿ ಕೊಡಬೇಕಿತ್ತು" ಅಂತ. ಇನ್ನೊಂದು, ಕತ್ತರಿ ಬೀಳೋ ಜಾಗವನ್ನೇ ಉಪಯೋಗಿಸಿಕೊಳ್ಳುವುದು: ಕ್ರಿಯಾಪದ ಬೇಕಂತಲೇ ಹಿಂದೆ ಬೀಳೋ ಹಾಗೆ ಬರೆಯೋದು, ಒತ್ತಿ ನೋಡಲಿ ಅಂತ. ಎರಡನೆಯದು ಕೇಳೋಕೆ ಬುದ್ಧಿವಂತಿಕೆ ಅನ್ನಿಸುತ್ತದೆ, ಆದರೆ ಫೋನಿಂದ ಫೋನಿಗೆ, ಅಕ್ಷರದ ಸೈಜಿಂದ ಸೈಜಿಗೆ ಕತ್ತರಿ ಬೀಳೋ ಜಾಗ ಬೇರೆ ಆಗುತ್ತದೆ. ಅಪ್ಪನ ಫೋನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿರುತ್ತಾರೆ, ಅಲ್ಲಿ ಅರ್ಧ ಸಾಲಿಗೇ ಮುಗಿಯುತ್ತದೆ. ಹಾಗಾಗಿ ನಾನು ಮೊದಲನೇ ದಾರಿ ಹಿಡಿದೆ.

"ಬಸ್ಸಿಂದ ಇಳಿದ ಮೇಲೆ ನೆನಪಾಯ್ತು, ಕಂಡಕ್ಟರ್ 35 ರೂಪಾಯಿ ಕೊಡಬೇಕಿತ್ತು."

ಇದು ಎರಡು ಸಾಲಿಗೆ ಕೂರುತ್ತದೆ. ಯಾವ ಊರು, ಯಾವ ದಿನ ಅಂತ ಹೇಳಿಲ್ಲ, ಅದು ಲೊಕೇಶನ್ ಟ್ಯಾಗಲ್ಲಿ ಬರುತ್ತದೆ. ಪೋಸ್ಟ್ ಹಾಕಿದ ಮೇಲೆ ನಿಮ್ಮ ಫೋನಲ್ಲಿ ಮಾತ್ರ ನೋಡಬೇಡಿ, ಪಕ್ಕದಲ್ಲಿದ್ದವರ ಫೋನಲ್ಲೂ ಒಮ್ಮೆ ನೋಡಿ. ಕ್ಯಾಪ್ಷನ್ ಆಮೇಲೂ ತಿದ್ದಬಹುದು, ತೊಂದರೆ ಇಲ್ಲ.

ಒಳಗಿನ ಸಾಲುಗಳು

ಕ್ಯಾರೊಸೆಲ್‌ನಲ್ಲಿ, ಅಂದರೆ ಹೀಗೆ ಹಲವು ಫೋಟೋ ಇರೋ ಪೋಸ್ಟಲ್ಲಿ, ಒಂದೊಂದು ಫೋಟೋಗೆ ಬೇರೆ ಬೇರೆ ಕ್ಯಾಪ್ಷನ್ ಬರೆಯೋಕೆ ಆಗಲ್ಲ, ಎಲ್ಲಕ್ಕೂ ಸೇರಿ ಒಂದೇ. ಅದಕ್ಕೇ ಜನ 1, 2, 3 ಅಂತ ನಂಬರ್ ಹಾಕಿ ಬರೆಯುತ್ತಾರೆ. ನಾನೂ ಹಾಗೇ ಮಾಡಿದೆ. ಮೊದಲ ಪ್ರಯತ್ನ ಇಲ್ಲಿದೆ, ನಾಚಿಕೆ ಬಿಟ್ಟು ತೋರಿಸುತ್ತಿದ್ದೇನೆ:

"1. ಈ 35 ರೂಪಾಯಿ ಹೋಯಿತು. 2. 35 ರೂಪಾಯಿ ದುಃಖದಲ್ಲಿ ಊಟ. 3. 35 ರೂಪಾಯಿಗೆ ಮಲ್ಲಿಗೆ ಬರಲ್ಲ. 4. ನಾಯಿಗೂ ಗೊತ್ತು ನನ್ನ ಹತ್ರ 35 ರೂಪಾಯಿ ಕಮ್ಮಿ ಇದೆ ಅಂತ. 5. ಚಪ್ಪಲಿ ಕಾಯೋಕೆ 35 ಆಗಿದ್ದರೆ?"

ನಾಲ್ಕನೇ ಸಾಲಿಗೆ ನನಗೇ ಸುಸ್ತಾಯಿತು. ಎಳೆ ಸಿಕ್ಕಿದ ಖುಷಿಯಲ್ಲಿ ಎಲ್ಲರೂ ಮಾಡೋ ತಪ್ಪು ಇದು. ಮಾರ್ಕೆಟ್ಟಲ್ಲಿ ಹೂ ಕಟ್ಟೋರನ್ನು ನೋಡಿ, ದಾರ ಪ್ರತಿ ಹೂವಿನ ಕುತ್ತಿಗೆಗೂ ಸುತ್ತಿರುತ್ತದೆ, ಆದರೆ ಮಾಲೆ ನೋಡಿದರೆ ಕಾಣೋದು ಹೂವೇ. ನನ್ನದರಲ್ಲಿ ಬರೀ ದಾರವೇ ಕಾಣುತ್ತಿತ್ತು.

ಎರಡನೇ ಪ್ರಯತ್ನದಲ್ಲಿ ಉಲ್ಟಾ ಹೊಡೆದೆ. 35 ಅನ್ನೋದನ್ನು ಪೂರ್ತಿ ತೆಗೆದು, ಪೇಪರಲ್ಲಿ ಫೋಟೋ ಕೆಳಗೆ ಬರೆಯುತ್ತಾರಲ್ಲ, ಹಾಗೆ ಬರೆದೆ. "ಮಲ್ಲಿಗೆ ಹೂವು ಕಟ್ಟುತ್ತಿರುವ ಮಹಿಳೆ." "ಕುಕ್ಕರಹಳ್ಳಿ ಕೆರೆಯ ದಡದಲ್ಲಿ ಕಂಡುಬಂದ ನಾಯಿ." ಪೇಪರಿಗೆ ಅದು ಸರಿ, ಅಲ್ಲಿ ಓದೋರಿಗೆ ಫೋಟೋದಲ್ಲಿ ಇರೋದು ಯಾರು, ಎಲ್ಲಿ ಅಂತ ತಿಳಿಯಬೇಕು. ಇಲ್ಲಿ ನಾಯಿ ಎಲ್ಲರಿಗೂ ಕಾಣುತ್ತಿದೆ. ಕಾಣೋದನ್ನೇ ಮತ್ತೆ ಹೇಳಿದರೆ ಏನು ಬಂತು?

ಆಗ ಒಂದು ಕೆಲಸ ಮಾಡಿದೆ, ಇದು ನಿಜವಾಗಲೂ ಉಪಯೋಗಕ್ಕೆ ಬಂತು. ಪ್ರತಿ ಫೋಟೋ ನೋಡಿ, ಫೋಟೋದಲ್ಲಿ ಕಾಣದ ಒಂದು ವಿಷಯ ಮಾತ್ರ ಬರೆದುಕೊಂಡೆ. ಫೋಟೋ ತೆಗೆದ ಹೊತ್ತು, ಕೊಟ್ಟ ರೇಟು, ಆಮೇಲೆ ಆದದ್ದು, ಚೌಕಟ್ಟಿನ ಆಚೆ ನಿಂತಿದ್ದವರು ಅಂದ ಮಾತು. ಅರಮನೆ ಫೋಟೋನೇ ತೆಗೆದುಕೊಳ್ಳಿ. ಮೈಸೂರು ಅರಮನೆ ಫೋಟೋ ಜಗತ್ತಿನಲ್ಲಿ ಎಷ್ಟಿದೆಯೋ, ನನ್ನದು ಅದರಲ್ಲೇ ಕಳಪೆ, ಅರ್ಧಕ್ಕೆ ಯಾರದೋ ಛತ್ರಿ ಅಡ್ಡ ಬಂದಿದೆ. ಆದರೆ ಅದರಲ್ಲಿ ಕಾಣದ ಒಂದು ಸಂಗತಿ ಇತ್ತು: ಭಾನುವಾರ ರಾತ್ರಿ ಅರಮನೆಗೆ ದೀಪ ಹಾಕುತ್ತಾರೆ, ಅಷ್ಟು ಹೊತ್ತಿಗೆ ನಾನು ಬಸ್ಸಲ್ಲಿರುತ್ತೇನೆ. ಅದನ್ನು ಬರೆದ ಮೇಲೆ ಆ ಕಳಪೆ ಫೋಟೋಗೆ ಒಂದು ಬೆಲೆ ಬಂತು.

ಮಲ್ಲಿಗೆ ಸಾಲು ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದಿತು. ಎಳೆ ಅಲ್ಲಿ ಇರಬೇಕು, 35 ಅನ್ನೋ ಅಂಕಿ ಮಾತ್ರ ಬರಬಾರದು. ಅವತ್ತು ಒಂದು ಮೊಳಕ್ಕೆ 40 ಹೇಳಿದ್ದರು. ಸುಮ್ನೆ "ಒಂದು ಮೊಳ 40. ಐದು ರೂಪಾಯಿ ಕಮ್ಮಿ ಬಿತ್ತು" ಅಂತ ಬರೆದೆ. ಮೊದಲ ಸಾಲು ಓದಿದವರು ತಾವೇ ಕಳೆದು ನೋಡಿಕೊಳ್ಳುತ್ತಾರೆ, 35 ಅವರ ಬಾಯಲ್ಲೇ ಬರುತ್ತದೆ. ಗೊತ್ತಾಗದವರಿಗೆ ಇದು ಬರೀ ಹೂವಿನ ರೇಟು, ಅವರಿಗೂ ನಷ್ಟ ಏನಿಲ್ಲ. (ಮಲ್ಲಿಗೆ ತಗೊಂಡೆ. ಜೇಬಲ್ಲಿ ದುಡ್ಡಿತ್ತು. ಕ್ಯಾಪ್ಷನಲ್ಲಿ ಇಷ್ಟು ಸುಳ್ಳು ನಡೆಯುತ್ತದೆ ಅಂದುಕೊಂಡಿದ್ದೇನೆ.)

ಪೂರ್ತಿ ಆದ ಮೇಲೆ ಹೀಗಿತ್ತು:

ಬಸ್ಸಿಂದ ಇಳಿದ ಮೇಲೆ ನೆನಪಾಯ್ತು, ಕಂಡಕ್ಟರ್ 35 ರೂಪಾಯಿ ಕೊಡಬೇಕಿತ್ತು.

1. ಅವರು ಬರೆದು, ಸುತ್ತು ಬೇರೆ ಹಾಕಿಕೊಟ್ಟಿದ್ದರು. ಮರೆತದ್ದು ನಾನೇ.
2. ಅಕ್ಕನ ಸಿಂಕು, ಶನಿವಾರ ಮಧ್ಯಾಹ್ನ. ತಮ್ಮ ಒಬ್ಬ ಬಂದದ್ದಕ್ಕೆ ಇಷ್ಟು.
3. ದೇವರಾಜ ಮಾರ್ಕೆಟ್. ಒಂದು ಮೊಳ 40. ಐದು ರೂಪಾಯಿ ಕಮ್ಮಿ ಬಿತ್ತು.
4. ಕುಕ್ಕರಹಳ್ಳಿ ಕೆರೆ, ಬೆಳಿಗ್ಗೆ ಆರೂವರೆ. ಪರಿಚಯ ಇಲ್ಲ, ಮುಕ್ಕಾಲು ಸುತ್ತು ಜೊತೆಗೇ ಬಂತು.
5. ನಂದಿ ಹತ್ರ. ಎಡಗಾಲಿನದು ನೆರಳಲ್ಲಿ, ಬಲಗಾಲಿನದು ಬಿಸಿಲಲ್ಲಿ. ವಾಪಸ್ ಹಾಕಿಕೊಂಡಾಗ ಗೊತ್ತಾಯ್ತು.
6. ದೀಪ ಹತ್ತೋದು ಏಳಕ್ಕೆ. ನನ್ನ ಬಸ್ಸು ಆರಕ್ಕೆ.
7. ಬಾಕಿ ಈಗ ಹಾರಿಹೋಗಿದೆ.
8. ವಾಪಸ್ ಬರೋವಾಗ ಎಣಿಸಿ ಸರಿಯಾಗಿ ಚಿಲ್ಲರೆ ಕೊಟ್ಟೆ. "ನಿಮ್ಮಂಥೋರು ನಾಲ್ಕು ಜನ ಇದ್ರೆ ಸಾಕು ಸಾರ್" ಅಂದರು ಕಂಡಕ್ಟರ್.

ಭಾಷೆ ಬಗ್ಗೆ ಎರಡು ಮಾತು. ಸಾಲುಗಳಲ್ಲಿ ಎಲ್ಲೂ "ಖುಷಿ", "ಮರೆಯಲಾಗದ" ಅನ್ನೋ ಪದ ಇಲ್ಲ. ಬರೆದಿದ್ದೆ, ತೆಗೆದೆ. ಯಾವ ಪದ ತೆಗೆದರೂ ಸಾಲಿಗೆ ಏನೂ ಕಮ್ಮಿ ಆಗದಿದ್ದರೆ ಅದು ಅಲ್ಲಿ ಬೇಡ. ಎರಡನೆಯದು, ನೀವು ಮಾತಾಡೋ ಕನ್ನಡದಲ್ಲೇ ಬರೆಯಿರಿ. ನಾನು "ಹತ್ರ", "ಬೇರೆ ಹಾಕಿಕೊಟ್ಟಿದ್ದರು" ಅಂತ ಬರೆದಿದ್ದೇನೆ, ಧಾರವಾಡದವರು ಇದನ್ನೇ ಬರೆದರೆ ಕೃತಕ ಅನ್ನಿಸುತ್ತದೆ, ಅವರು "ಚಿಲ್ಲರ ಇಲ್ಲೋ ಯಪ್ಪಾ" ಅಂತಲೇ ಬರೆಯಲಿ. ಎಂಟನೇ ಸಾಲಲ್ಲಿ ಕಂಡಕ್ಟರ್ ಅಂದದ್ದನ್ನು ಗ್ರಂಥಸ್ಥ ಮಾಡಿ "ನಿಮ್ಮಂತಹವರು ನಾಲ್ವರಿದ್ದರೆ ಸಾಕು" ಅಂತ ಬರೆದಿದ್ದರೆ ಆ ಮನುಷ್ಯನೇ ಮಾಯ ಆಗಿಬಿಡುತ್ತಿದ್ದರು.

ಸ್ಟೇಟಸ್‌ಗೆ ಹಾಕೋದಾದರೆ

ನಮ್ಮ ಮನೆಯವರೆಲ್ಲ ಇರೋದು ವಾಟ್ಸಾಪ್‌ನಲ್ಲಿ. ಅಲ್ಲಿ ಲೆಕ್ಕವೇ ಬೇರೆ. ಪ್ರತಿ ಫೋಟೋಗೆ ಅದರದೇ ಕ್ಯಾಪ್ಷನ್ ಬರೆಯಬಹುದು, ನಂಬರ್ ಬೇಡ. ಆದರೆ ಪ್ರತಿ ಸ್ಟೇಟಸ್ಸೂ ಹಾಕಿದ ಹೊತ್ತಿನಿಂದ 24 ಗಂಟೆ ಮಾತ್ರ ಇರುತ್ತದೆ. ಶನಿವಾರ ಬೆಳಿಗ್ಗೆ ಟಿಕೆಟ್ ಹಾಕಿ, ಭಾನುವಾರ ಸಂಜೆ ಚಿಲ್ಲರೆ ಹಾಕಿದರೆ, ಸಂಜೆ ನೋಡೋರಿಗೆ ಟಿಕೆಟ್ ಅಳಿಸಿಹೋಗಿರುತ್ತದೆ. ತಲೆ ಇಲ್ಲದ ಕಥೆ. ಹಾಗಾಗಿ ಎಳೆ ಇರೋ ಡಂಪನ್ನು ಒಟ್ಟಿಗೇ ಹಾಕಿ, ಐದಾರು ಫೋಟೋ ಸಾಕು. ಮತ್ತೆ "ಐದು ರೂಪಾಯಿ ಕಮ್ಮಿ ಬಿತ್ತು" ತರದ ಒಗಟು ಅಲ್ಲಿ ನಡೆಯೋದು ಕಷ್ಟ, ಯಾಕೆಂದರೆ ಜನ ಅರ್ಧ ಸೆಕೆಂಡಿಗೆ ಒಂದು ಒತ್ತುತ್ತಾ ಹೋಗುತ್ತಾರೆ, ಹಿಂದಿನ ಸಾಲು ಕಣ್ಣ ಮುಂದೆ ಇರೋದಿಲ್ಲ. ಅಲ್ಲಿ "ಮಲ್ಲಿಗೆ 40, ನನ್ನ ಬಾಕಿ 35" ಅಂತ ಬಿಡಿಸಿಯೇ ಬರೆಯಬೇಕಾಯಿತು. ಸ್ವಲ್ಪ ರುಚಿ ಹೋಯಿತು, ಏನು ಮಾಡೋಕಾಗಲ್ಲ.

ಹಾಕೋ ಮುಂಚೆ ಒಂದು ಸಲ ಮೂಲೆಗಳನ್ನು ನೋಡಿ

ಕಣ್ಣು ಫೋಟೋದ ಮಧ್ಯಕ್ಕೇ ಹೋಗುತ್ತದೆ, ತೊಂದರೆ ಇರೋದು ಮೂಲೆಯಲ್ಲಿ. ಮಲ್ಲಿಗೆ ಫೋಟೋದ ಎಡ ಮೂಲೆಯಲ್ಲಿ ಹೂವಮ್ಮನ ಕ್ಯೂಆರ್ ಬೋರ್ಡು ಪೂರ್ತಿ ಬಿದ್ದಿತ್ತು, ಕೆಳಗೆ ಅವರ ಹೆಸರು, ಯುಪಿಐ ಐಡಿ. ಎಷ್ಟೋ ಜನರ ಯುಪಿಐ ಐಡಿ ಅವರ ಫೋನ್ ನಂಬರೇ ಆಗಿರುತ್ತದೆ. ಕ್ರಾಪ್ ಮಾಡಿ, ಬರೀ ಕೈ ಇಟ್ಟುಕೊಂಡೆ. ಮಸುಕು ಮಾಡೋದಕ್ಕಿಂತ ಕತ್ತರಿಸೋದು ಒಳ್ಳೇದು, ಮಸುಕು ಮಾಡಿದ ಜಾಗಕ್ಕೇ ಎಲ್ಲರ ಕಣ್ಣು ಹೋಗುತ್ತದೆ. ಬಸ್ಸಲ್ಲಿ ಹರಿದುಕೊಟ್ಟ ಟಿಕೆಟಲ್ಲಿ ಹೆಸರು ಇರೋದಿಲ್ಲ, ಮುಂಗಡ ಬುಕ್ ಮಾಡಿದ ಟಿಕೆಟ್ ಆದರೆ ಹೆಸರು, ನಂಬರ್ ಇರುತ್ತದೆ, ನೋಡಿಕೊಳ್ಳಿ. ಮಗುವಿನ ಮುಖ ಹಾಕಲಿಲ್ಲ, ಹಕ್ಕಿ ಮಾತ್ರ ಹಾಕಿದೆ. ಅದಕ್ಕೂ ಅಕ್ಕನನ್ನು ಕೇಳಿದ್ದೆ.

ಸಿಂಕಿಗೆ ಮಾತ್ರ ಕೇಳಿರಲಿಲ್ಲ.

ಪೋಸ್ಟ್ ಹಾಕಿ ಇಪ್ಪತ್ತು ನಿಮಿಷಕ್ಕೆ ಫೋನ್ ಬಂತು. "ಏನೋ ಇದು, ಊರಿಗೆಲ್ಲ ನನ್ನ ಸಿಂಕು ತೋರಿಸಿದ್ದೀಯಾ? ಮಧ್ಯಾಹ್ನ ಕೆಲಸದವಳು ಬರಲಿಲ್ಲ ಅಂತ ಬರಿಯೋಕೇನಾಗಿತ್ತು?" ವಾದ ಮಾಡೋ ಜಾಗ ಅಲ್ಲ ಅದು. ತಕ್ಷಣ ತೆಗೆಯುತ್ತೇನೆ ಅಂದೆ.

ಪೋಸ್ಟ್ ಪೂರ್ತಿ ಅಳಿಸಬೇಕಿಲ್ಲ. ಮೂರು ಚುಕ್ಕಿ ಒತ್ತಿ "Edit" ಗೆ ಹೋಗಿ, ಬೇಡದ ಫೋಟೋ ತನಕ ತಳ್ಳಿ, ಮೇಲೆ ಮೂಲೆಯಲ್ಲಿರೋ ಕಸದ ಬುಟ್ಟಿ ಒತ್ತಿದರೆ ಅದೊಂದೇ ಹೋಗುತ್ತದೆ. ಮನಸ್ಸು ಬದಲಾದರೆ 30 ದಿನದೊಳಗೆ "Recently Deleted" ಇಂದ ವಾಪಸ್ ತರಬಹುದು. ಲೈಕು, ಕಾಮೆಂಟು ಎಲ್ಲ ಹಾಗೇ ಇರುತ್ತದೆ.

ಆದರೆ ನಂಬರ್ ಹಾಕಿ ಬರೆದಿದ್ದರೆ ಮೊದಲು ಕ್ಯಾಪ್ಷನಲ್ಲಿ ಆ ಸಾಲು ತೆಗೆದು, ಕೆಳಗಿನ ನಂಬರ್‌ಗಳನ್ನು ತಿದ್ದಿ, ಆಮೇಲೆ ಫೋಟೋ ಅಳಿಸಿ. ನಾನು ಗಡಿಬಿಡಿಯಲ್ಲಿ ಫೋಟೋ ಮಾತ್ರ ಅಳಿಸಿದೆ. ಎಲ್ಲ ಒಂದೊಂದು ಮನೆ ಮುಂದೆ ಬಂತು. ಮಲ್ಲಿಗೆ ಕಟ್ಟೋ ಕೈಗಳಿಗೆ "ಅಕ್ಕನ ಸಿಂಕು" ಅಂತ ಬಿತ್ತು. ನಾಯಿ ಮೂರನೇ ಜಾಗಕ್ಕೆ ಬಂದು ಕೂತಿತು. ಬೆಳಿಗ್ಗೆ ಎದ್ದು ನೋಡಿದರೆ ಹಳೇ ಆಫೀಸಿನ ಗೆಳೆಯ ಒಬ್ಬ ನಾಯಿ ಬಗ್ಗೆ ಕಾಮೆಂಟ್ ಹಾಕಿದ್ದ: "ಒಂದು ಮೊಳ ನಾಯಿ 40 ರೂಪಾಯಿನಾ? ನಮ್ಮ ಕಡೆ ಫ್ರೀ ಕೊಡ್ತಾರೆ."

ಕ್ಯಾಪ್ಷನ್ ಸರಿ ಮಾಡಿದೆ. ಆ ಕಾಮೆಂಟ್ ಮಾತ್ರ ಅಲ್ಲೇ ಇದೆ, ಈಗ ಓದಿದವರಿಗೆ ತಲೆಬುಡ ತಿಳಿಯೋದಿಲ್ಲ.